ಮಗುವಿನ ಫೋಟೋದಲ್ಲಿ ನಾಯಿಯನ್ನು ನಿಲ್ಲಿಸುವುದು: ಯಾವ ಚಿತ್ರ, ಯಾವ ಅಂಚು, ಯಾವ ನೆರಳು?

ಮಗುವಿನ ಒಳ್ಳೆಯ ಫೋಟೋ ಇದೆ, ಅದರಲ್ಲಿ ಮನೆಯ ನಾಯಿ ಇಲ್ಲ. ಬೇರೆ ಫೋಟೋದಿಂದ ನಾಯಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಬೇಕು. ಈ ಕೆಲಸಕ್ಕೆ ಕೂತವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ರೋಮದ ಅಂಚಿಗೆ. ಗಂಟೆಗಟ್ಟಲೆ ಕೂತು ಬಾಲದ ಕೂದಲನ್ನು ಬಿಡಿಸುತ್ತಾರೆ. ಕೊನೆಗೆ ನಾಯಿಯನ್ನು ಮಗುವಿನ ಪಕ್ಕ ಇಟ್ಟಾಗ ಅದು ನೆಲದ ಮೇಲೆ ನಿಂತಂತೆ ಕಾಣುವುದೇ ಇಲ್ಲ. ಕೆಲಸವನ್ನು ತಿರುವುಮುರುವಾಗಿ ನೋಡಬೇಕು. ಮೊದಲು ಕ್ಯಾಮೆರಾದ ಎತ್ತರ, ಆಮೇಲೆ ಅಳತೆ, ನಂತರ ನೆಲ, ಕಟ್ಟಕಡೆಗೆ ರೋಮ. ಕ್ಯಾಮೆರಾದ ಎತ್ತರ ಹೊಂದದ ನಾಯಿಯನ್ನು ಎಷ್ಟು ಚೆನ್ನಾಗಿ ಕತ್ತರಿಸಿದರೂ ಉಪಯೋಗವಿಲ್ಲ.

ಎಲ್ಲ ಆಯ್ಕೆಗಳನ್ನೂ ಒಂದೇ ಉದಾಹರಣೆಯ ಮೇಲೆ ಹೋಲಿಸೋಣ. ಕತ್ತರಿಸಿದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಮಗು, ಎತ್ತರ 100 ಸೆಂ.ಮೀ. ಫೋಟೋದಲ್ಲಿ ಆ ಮಗು ತಲೆಯಿಂದ ಪಾದದವರೆಗೆ 1500 ಪಿಕ್ಸೆಲ್ ಇದೆ. ತೆಗೆದವರು ಮೂರು ಮೀಟರ್ ದೂರದಲ್ಲಿ ಮಂಡಿಯೂರಿ ಕೂತಿದ್ದರು, ಕ್ಯಾಮೆರಾ ನೆಲದಿಂದ 80 ಸೆಂ.ಮೀ. ಮೇಲಿತ್ತು. ಬಿಸಿಲು ಎಡಗಡೆಯಿಂದ ಬರುತ್ತಿದೆ, ಮಗುವಿನ ನೆರಳು ಬಲಕ್ಕೆ ಬಿದ್ದಿದೆ. ಸೇರಿಸಬೇಕಾದ ನಾಯಿ ಗೋಲ್ಡನ್ ರಿಟ್ರೀವರ್, ಭುಜದ ಎತ್ತರ 56 ಸೆಂ.ಮೀ. ಭುಜ ಎಂದರೆ ಇಲ್ಲಿ ಕತ್ತು ಬೆನ್ನಿಗೆ ಸೇರುವ ಉಬ್ಬು. ನಾಯಿಯ ಎತ್ತರವನ್ನು ಅಳೆಯುವುದು ಅಲ್ಲಿಯವರೆಗೆ, ಏಕೆಂದರೆ ತಲೆ ಮೇಲೆ ಕೆಳಗೆ ಆಡುತ್ತಿರುತ್ತದೆ.

ನಾಯಿಯ ಫೋಟೋ: ಹೊಸದಾಗಿ ತೆಗೆಯುವುದೋ, ಹಳೆಯದನ್ನು ಹುಡುಕುವುದೋ

ನಾಯಿ ಕೈಗೆ ಸಿಗುವಂತಿದ್ದರೆ ಹೊಸ ಫೋಟೋ ತೆಗೆಯುವುದಕ್ಕೆ ಸಮನಾದ ದಾರಿ ಇನ್ನೊಂದಿಲ್ಲ. ಅದೇ ಜಾಗ, ದಿನದ ಅದೇ ಹೊತ್ತು, ಅದೇ ಫೋನು, ಅದೇ ಜೂಮ್, ಕ್ಯಾಮೆರಾ ನೆಲದಿಂದ 80 ಸೆಂ.ಮೀ. ಮೇಲೆ. ನಾಯಿ ನಿಲ್ಲಬೇಕಾದ ಕಡೆ ಹುಲ್ಲಿನಲ್ಲಿ ಸಣ್ಣ ಗುರುತು ಇಟ್ಟು, ಒಬ್ಬರು ಅದನ್ನು ಅಲ್ಲಿಗೆ ಕರೆಯಲಿ, ಇನ್ನೊಬ್ಬರು ತೆಗೆಯಲಿ. ಹೀಗೆ ತೆಗೆದಾಗ ಒಂದು ದೊಡ್ಡ ಲಾಭ ಇದೆ: ರೋಮವನ್ನು ಬಿಡಿಸುವ ಕೆಲಸವೇ ಬಹುಪಾಲು ಉಳಿಯುವುದಿಲ್ಲ. ನಾಯಿಯ ಹಿಂದೆ ಇರುವುದೂ ಅದೇ ಹುಲ್ಲು, ಅದೇ ಬೆಳಕು. ಎರಡು ಫೋಟೋಗಳನ್ನು ಒಂದರ ಮೇಲೊಂದು ಹೊಂದಿಸಿ, ನಾಯಿಯ ಸುತ್ತ ಮೂವತ್ತು ನಲವತ್ತು ಪಿಕ್ಸೆಲ್ ಹುಲ್ಲನ್ನೂ ಸೇರಿಸಿಕೊಂಡು, ಮೃದುವಾದ ಬ್ರಷ್‌ನಿಂದ ಮಾಸ್ಕ್, ಅಂದರೆ ಪದರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವ ಕಪ್ಪುಬಿಳುಪು ಮುಸುಕು, ಬಳಿದರೆ ಸಾಕು. ಕೂದಲು, ಪಾದ, ನೆರಳು ಮೂರೂ ನಿಜವಾದವೇ ಬರುತ್ತವೆ. ಕಷ್ಟ ಇರುವುದು ನಾಯಿಯ ರೋಮ ಮಗುವಿನ ಬಟ್ಟೆಯ ಮುಂದೆ ಬರುವ ಜಾಗದಲ್ಲಿ ಮಾತ್ರ. ಅಷ್ಟು ಭಾಗವನ್ನು ಮಾತ್ರ ಕೂತು ಕತ್ತರಿಸಿದರಾಯಿತು.

ನಾಯಿ ದೂರದಲ್ಲಿದೆ, ಅಥವಾ ಈಗ ಇಲ್ಲ ಎನ್ನುವವರಿಗೆ ಹಳೆಯ ಫೋಟೋಗಳೇ ಗತಿ. ಆಗ ಮುಖ ಮುದ್ದಾಗಿರುವ ಫೋಟೋ ಎಂದು ಆರಿಸಲು ಹೋಗಬೇಡಿ. ಮೊದಲು ಪಾದಗಳನ್ನು ನೋಡಿ. ನಾಯಿ ಪಕ್ಕಕ್ಕೆ ತಿರುಗಿ ನಿಂತಿದ್ದರೆ ನಮ್ಮ ಕಡೆಯ ಪಾದಕ್ಕೂ ಆಚೆ ಕಡೆಯ ಪಾದಕ್ಕೂ ಚಿತ್ರದಲ್ಲಿ ಎಷ್ಟು ಏರಿಳಿತ ಇದೆ ಎಂಬುದು ಕ್ಯಾಮೆರಾ ಎಷ್ಟು ಮೇಲಿತ್ತು ಎಂದು ಹೇಳಿಬಿಡುತ್ತದೆ. ಎರಡು ಪಾದಗಳ ನಡುವೆ 20 ಸೆಂ.ಮೀ. ಅಂತರ ಇದೆ ಎಂದುಕೊಳ್ಳಿ. ನಮ್ಮ ಉದಾಹರಣೆಯಂತೆ 80 ಸೆಂ.ಮೀ. ಎತ್ತರದಿಂದ, ಮೂರು ಮೀಟರಿನ ಆಸುಪಾಸಿನಿಂದ ತೆಗೆದರೆ ಆಚೆಯ ಪಾದ ಈಚೆಯದಕ್ಕಿಂತ ಭುಜದ ಎತ್ತರದ ಸುಮಾರು ಹತ್ತನೇ ಒಂದು ಭಾಗದಷ್ಟು ಮೇಲೆ ಕಾಣುತ್ತದೆ. ದೊಡ್ಡವರು ನಿಂತುಕೊಂಡು ಒಂದೂವರೆ ಮೀಟರ್ ಎತ್ತರದಿಂದ, ಒಂದೂವರೆ ಮೀಟರ್ ದೂರದಿಂದ ತೆಗೆದಿದ್ದರೆ ಅದು ಹತ್ತಿರಹತ್ತಿರ ಮೂರನೇ ಒಂದು ಭಾಗ. ಅಂಥ ಫೋಟೋದಲ್ಲಿ ಬೆನ್ನಿನ ಮೇಲ್ಭಾಗವೂ ಅಗಲವಾಗಿ ಕಾಣುತ್ತಿರುತ್ತದೆ. ಅದನ್ನು ಮಂಡಿಯೂರಿ ತೆಗೆದ ಮಗುವಿನ ಪಕ್ಕ ಇಟ್ಟರೆ ನಾಯಿ ಇಳಿಜಾರಿನಲ್ಲಿ ನಿಂತು ಮುಂದಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ಎಳೆದು, ಬಾಗಿಸಿ ಸರಿಮಾಡಲು ಬರುವುದಿಲ್ಲ, ಏಕೆಂದರೆ ಬೇಕಾದ ಪಕ್ಕೆಯ ಭಾಗ ಫೋಟೋದಲ್ಲೇ ಇಲ್ಲ. ನಮ್ಮ ಫೋನುಗಳಲ್ಲಿರುವ ನಾಯಿಯ ಫೋಟೋಗಳಲ್ಲಿ ಹೆಚ್ಚಿನವು ಹೀಗೆ ಮೇಲಿನಿಂದ ತೆಗೆದವೇ ಆಗಿರುವುದರಿಂದ ಈ ಒಂದು ಪರೀಕ್ಷೆಯಲ್ಲೇ ಬಹಳಷ್ಟು ಬಿದ್ದುಹೋಗುತ್ತವೆ. ಹೋಗಲಿ ಬಿಡಿ.

ಉಳಿದವುಗಳಲ್ಲಿ ಬೆಳಕು ಎಡದಿಂದ ಬಂದಿರುವುದನ್ನು ಆರಿಸಿ. ಬಲದಿಂದ ಬಂದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಬಹುದು. ಆದರೆ ಒಂದು ಕಿವಿ ಮಡಿಸಿಕೊಂಡಿರುವುದು, ಎದೆಯ ಒಂದು ಪಕ್ಕದ ಮಚ್ಚೆ ಇಂಥದ್ದನ್ನು ಮನೆಯವರು ತಕ್ಷಣ ಗುರುತಿಸುತ್ತಾರೆ. ಹಿಂದಿನಿಂದ ಬಿಸಿಲು ಬಿದ್ದು ರೋಮದ ಅಂಚೆಲ್ಲ ಹೊಳೆಯುತ್ತಿರುವ ಫೋಟೋ ಎಷ್ಟೇ ಚೆಂದ ಇರಲಿ, ಇಲ್ಲಿಗೆ ಬೇಡ. ಆ ಹೊಳಪು ಮಗುವಿನ ಕೂದಲಿನಲ್ಲಿ ಇಲ್ಲ.

ಕೊನೆಯದಾಗಿ ಹಿನ್ನೆಲೆ. ಸಾದಾ ಗೋಡೆಯ ಮುಂದೆ ನಿಂತ ನಾಯಿಯನ್ನು ಕತ್ತರಿಸುವುದು ಸುಲಭ ಎಂದು ಅದನ್ನೇ ಆರಿಸುವುದು ರೂಢಿ. ಆದರೆ ಹುಲ್ಲಿನ ಮೇಲಿಡಬೇಕಾದ ನಾಯಿಗೆ ಹುಲ್ಲಿನ ಹಿನ್ನೆಲೆಯ ಫೋಟೋವೇ ಮೇಲು. ರೋಮದ ತುದಿಗಳಲ್ಲಿ ಹಳೆಯ ಹಿನ್ನೆಲೆಯ ಬಣ್ಣ ಬೆರೆತಿರುತ್ತದೆ. ಬಿಳಿ ಗೋಡೆಯ ಬಣ್ಣವಾದರೆ ಹಸಿರಿನ ಮೇಲೆ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ, ಹಸಿರೇ ಆಗಿದ್ದರೆ ಹಸಿರಿನಲ್ಲಿ ಕರಗಿಹೋಗುತ್ತದೆ. ಕತ್ತರಿಸುವಾಗ ತುಸು ಕಷ್ಟ, ಇಟ್ಟ ಮೇಲೆ ಬಹಳ ಸುಲಭ.

ಅಳತೆ: ಕಣ್ಣಂದಾಜಿಗಿಂತ ಲೆಕ್ಕ

ಕಣ್ಣಂದಾಜಿನಲ್ಲಿ ನಾಯಿಯನ್ನು ಇಟ್ಟವರು ಅದನ್ನು ಬಹುತೇಕ ದೊಡ್ಡದಾಗಿಯೇ ಇಡುತ್ತಾರೆ, ಮುಖ ಚೆನ್ನಾಗಿ ಕಾಣಲಿ ಎಂದು. ಎರಡನೆಯ ದಾರಿ ನೇರ ಅನುಪಾತ. ನಮ್ಮ ಮಗು 100 ಸೆಂ.ಮೀ.ಗೆ 1500 ಪಿಕ್ಸೆಲ್, ಅಂದರೆ ಸೆಂಟಿಮೀಟರಿಗೆ 15. ಹಾಗಾದರೆ 56 ಸೆಂ.ಮೀ. ಭುಜಕ್ಕೆ 840 ಪಿಕ್ಸೆಲ್. ನಾಯಿಯ ಪಾದ ಮಗುವಿನ ಪಾದದ ಸಾಲಿನಲ್ಲೇ ಇದ್ದರೆ ಇದು ಸರಿ. ನಾಯಿಯನ್ನು ಚಿತ್ರದಲ್ಲಿ ಸ್ವಲ್ಪ ಕೆಳಗೆ ಇಳಿಸಿದರೆ ಅದು ನಮಗೆ ಹತ್ತಿರ ಬಂತು ಎಂದರ್ಥ, ಅಷ್ಟು ದೊಡ್ಡದೂ ಆಗಬೇಕು. ಎಷ್ಟು ದೊಡ್ಡದು ಎನ್ನುವುದಕ್ಕೆ ಮೂರನೆಯ ದಾರಿ, ಕಣ್ಣಿನ ಮಟ್ಟದ ಗೆರೆ.

ಕ್ಯಾಮೆರಾ 80 ಸೆಂ.ಮೀ. ಮೇಲಿದ್ದುದರಿಂದ, ನೆಲ ಸಮತಟ್ಟಾಗಿದ್ದರೆ, ಆ ಗೆರೆ ಮಗುವನ್ನು ಪಾದದಿಂದ 80 ಸೆಂ.ಮೀ. ಎತ್ತರದಲ್ಲಿ, ಅಂದರೆ 1200 ಪಿಕ್ಸೆಲ್ ಮೇಲೆ ಹಾಯುತ್ತದೆ. ನಾಯಿ ಎಲ್ಲೇ ನಿಂತಿರಲಿ, ಅದರ ಪಾದದಿಂದ ಈ ಗೆರೆಯವರೆಗಿನ ಅಂತರ ಯಾವಾಗಲೂ 80 ಸೆಂ.ಮೀ. ಈಗ ನಾಯಿಯ ಈಚೆಯ ಪಾದವನ್ನು ಮಗುವಿನ ಪಾದಕ್ಕಿಂತ 120 ಪಿಕ್ಸೆಲ್ ಕೆಳಗೆ ಇಡೋಣ. ಅಲ್ಲಿಂದ ಗೆರೆಗೆ 1320 ಪಿಕ್ಸೆಲ್. ಅದನ್ನು 80ರಿಂದ ಭಾಗಿಸಿದರೆ ಸೆಂಟಿಮೀಟರಿಗೆ 16.5. ಭುಜದ ಎತ್ತರ 924 ಪಿಕ್ಸೆಲ್ ಆಗಬೇಕು, 840 ಅಲ್ಲ. ನಿಜವಾದ ನೆಲದ ಮೇಲೆ ಇದು ಮಗುವಿಗಿಂತ ಸುಮಾರು 27 ಸೆಂ.ಮೀ. ಮುಂದೆ ನಿಂತ ನಾಯಿ. ಹತ್ತು ಪರ್ಸೆಂಟ್ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ 840ರಲ್ಲೇ ಬಿಟ್ಟರೆ ನೋಡಿದವರಿಗೆ ಮರಿ ನಾಯಿಯಂತೆ ಕಾಣುತ್ತದೆ, ಏಕೆ ಎಂದು ಮಾತ್ರ ಹೊಳೆಯುವುದಿಲ್ಲ.

ಕ್ಯಾಮೆರಾದ ಎತ್ತರ ನೆನಪಿಲ್ಲದಿದ್ದರೆ ಚಿತ್ರದಲ್ಲೇ ಸುಳಿವು ಹುಡುಕಬೇಕು. ಟೈಲ್ಸ್ ನೆಲವಾದರೆ ದೂರಕ್ಕೆ ಓಡುವ ಎರಡು ಸಮಾನಾಂತರ ಸಂದುಗಳನ್ನು ಗೆರೆ ಎಳೆದು ಮುಂದುವರಿಸಿ, ಅವು ಕೂಡುವ ಬಿಂದುವಿನಲ್ಲಿ ಕಣ್ಣಿನ ಮಟ್ಟ ಇರುತ್ತದೆ. ಹುಲ್ಲಿನಲ್ಲಿ ಅಂಥ ಗೆರೆ ಇಲ್ಲದಿದ್ದರೆ ಹಿಂದಿನ ಗೋಡೆಯೋ ಬೇಲಿಯೋ ನೆರವಿಗೆ ಬರುತ್ತದೆ. ಫೋನನ್ನು ಬಹಳ ಕೆಳಕ್ಕೆ ಬಾಗಿಸಿ ತೆಗೆದ ಚಿತ್ರದಲ್ಲಿ ಈ ಲೆಕ್ಕ ಕರಾರುವಾಕ್ಕಾಗಿ ಕೂಡುವುದಿಲ್ಲ, ಆಗಲೂ ಅಂದಾಜಿಗಿಂತ ಮೇಲು.

ಮೂಲ ಫೋಟೋದಲ್ಲಿ ನಾಯಿಯ ಭುಜ 924 ಪಿಕ್ಸೆಲ್ ಅಥವಾ ಅದಕ್ಕಿಂತ ಹೆಚ್ಚಿರಲಿ. ಹಿಗ್ಗಿಸಿದ ನಾಯಿಯ ರೋಮ ಮಸುಕಾಗುತ್ತದೆ, ಮಗು ಮಾತ್ರ ಚೂಪಾಗಿ ಉಳಿಯುತ್ತದೆ.

ನೆಲ: ಪಾದ ಹುಲ್ಲಿನ ಒಳಗೆ, ನೆರಳು ಸೂರ್ಯನ ಕಡೆಯಿಂದ

ನಾಯಿ ತೇಲುತ್ತಿರುವಂತೆ ಕಾಣಲು ಮುಖ್ಯ ಕಾರಣ, ಪಾದದ ಕೆಳ ಅಂಚು ಪೂರ್ತಿ ಕಾಣುತ್ತಿರುವುದು. ಹುಲ್ಲಿನ ಮೇಲೆ ನಿಂತ ಯಾವ ನಾಯಿಯ ಪಾದವೂ ಪೂರ್ತಿ ಕಾಣುವುದಿಲ್ಲ. ಕತ್ತರಿಸಿದ ಹುಲ್ಲಿನಲ್ಲೂ ಒಂದೆರಡು ಸೆಂಟಿಮೀಟರ್ ಮುಳುಗಿರುತ್ತದೆ, ನಮ್ಮ ಅಳತೆಯಲ್ಲಿ 16ರಿಂದ 33 ಪಿಕ್ಸೆಲ್. ಮಗುವಿನ ಪಾದವನ್ನು ದೊಡ್ಡದು ಮಾಡಿ ನೋಡಿ, ಬೆರಳುಗಳ ಮೇಲೆ ಹುಲ್ಲು ಎಷ್ಟು ಬಂದಿದೆಯೋ ನಾಯಿಗೂ ಅಷ್ಟೇ ಬರಬೇಕು. ಇದನ್ನು ಎರಡು ರೀತಿ ಮಾಡಬಹುದು. ಮೊದಲನೆಯದು, ನಾಯಿಯ ಮಾಸ್ಕ್‌ನಲ್ಲಿ ಕಪ್ಪು ಬಣ್ಣದ ಸಣ್ಣ ಬ್ರಷ್‌ನಿಂದ ಪಾದದ ಕೆಳಗಿನಿಂದ ಮೇಲಕ್ಕೆ ಹುಲ್ಲಿನ ಎಸಳಿನಂತೆ ಗೀರುತ್ತ ಹೋಗುವುದು. ಆಗ ಅಡಿಯಲ್ಲಿರುವ ನಿಜವಾದ ಹುಲ್ಲು ಹೊರಬರುತ್ತದೆ. ಎರಡನೆಯದು, ಅದೇ ಫೋಟೋದಲ್ಲಿ ಪಕ್ಕದ ಹುಲ್ಲಿನ ತುಂಡನ್ನು ನಕಲು ಮಾಡಿ ಪಾದದ ಮೇಲೆ ಇಡುವುದು. ಹುಲ್ಲು ಎತ್ತರ ಇದ್ದರೆ ಎರಡನೆಯದು ಚೆನ್ನ. ಕತ್ತರಿಸಿದ ಹುಲ್ಲಿಗೆ ಮೊದಲನೆಯದೇ ಸಾಕು, ಎಸಳುಗಳು ಒಂದೇ ಉದ್ದ ಒಂದೇ ಓರೆ ಆಗದಂತೆ ನೋಡಿಕೊಂಡರೆ ಆಯಿತು.

ನೆರಳಿಗೆ ಬಂದರೆ, ಫೋಟೋಶಾಪ್‌ನ ಸಿದ್ಧ Drop Shadow ಎಫೆಕ್ಟ್ ಇಲ್ಲಿಗೆ ಆಗುವುದೇ ಇಲ್ಲ. ಅದು ನಾಯಿಯ ಹಿಂದೆ ಗೋಡೆ ಇದ್ದು, ಅದರ ಮೇಲೆ ನೆರಳು ಬಿದ್ದಂತೆ ತೋರಿಸುತ್ತದೆ. ಸ್ಟಿಕ್ಕರ್ ಅಂಟಿಸಿದಂತೆ ಕಾಣುವುದು ಇದರಿಂದಲೇ.

ಬಹಳ ಮಂದಿ ಬಳಸುವ ಇನ್ನೊಂದು ಉಪಾಯ, ನಾಯಿಯ ಪದರವನ್ನು ನಕಲು ಮಾಡಿ, ಕಪ್ಪು ತುಂಬಿ, Distort ಮಾಡಿ ನೆಲಕ್ಕೆ ಮಲಗಿಸುವುದು. ಇದರಲ್ಲಿ ಒಂದು ತಪ್ಪು ಅಡಗಿದೆ. ನೆರಳಿನ ಆಕಾರ ಎಂದರೆ ಸೂರ್ಯನ ಕಡೆಯಿಂದ ನೋಡಿದರೆ ನಾಯಿ ಹೇಗೆ ಕಾಣುತ್ತದೋ ಆ ಆಕಾರ, ನಮ್ಮ ಕಡೆಯಿಂದ ಕಂಡದ್ದಲ್ಲ. ಬಿಸಿಲು ನಮ್ಮ ಬೆನ್ನ ಹಿಂದಿನಿಂದಲೋ ನಾಯಿಯ ಹಿಂದಿನಿಂದಲೋ ಬರುತ್ತಿದ್ದರೆ ಎರಡೂ ಒಂದೇ ಆಕಾರ, ಆಗ ಈ ಉಪಾಯ ನಡೆಯುತ್ತದೆ. ನಮ್ಮ ಉದಾಹರಣೆಯಲ್ಲಿ ನಾಯಿ ಮಗುವಿನ ಎಡಕ್ಕೆ ನಿಂತು, ಪಕ್ಕಕ್ಕೆ ತಿರುಗಿ ಮಗುವಿನ ಕಡೆ ಮುಖ ಮಾಡಿದೆ, ಬಿಸಿಲೂ ಎಡಪಕ್ಕದಿಂದ ಬಾಲದ ಕಡೆಗೆ ಬೀಳುತ್ತಿದೆ. ಸೂರ್ಯನಿಗೆ ಕಾಣುವುದು ನಾಯಿಯ ಹಿಂಭಾಗದ ಕಿರಿದಾದ ಅಗಲ ಮಾತ್ರ, ಸುಮಾರು 25 ಸೆಂ.ಮೀ. ಹಾಗಾಗಿ ನೆಲದ ಮೇಲೆ ಬೀಳುವುದು ನಾಲ್ಕು ಕಾಲು, ಬಾಲ ಬಿಡಿಸಿದ ನಾಯಿಯ ಚಿತ್ರವಲ್ಲ, ಬಲಕ್ಕೆ ಚಾಚಿದ ಒಂದು ಮೊಂಡು ಪಟ್ಟಿ. ಇದನ್ನು ಕೈಯಲ್ಲೇ ಬಳಿಯುವುದು ವಾಸಿ.

ಉದ್ದವನ್ನು ಮಗುವಿನಿಂದ ತೆಗೆದುಕೊಳ್ಳಿ. 100 ಸೆಂ.ಮೀ. ಮಗುವಿನ ನೆರಳು ನೆಲದ ಮೇಲೆ 150 ಸೆಂ.ಮೀ. ಇದ್ದರೆ ಒಂದೂವರೆ ಪಟ್ಟು ಆಯಿತು. ನಾಯಿಯ ಬೆನ್ನಿನ ನೆರಳು 84 ಸೆಂ.ಮೀ., ಅಂದರೆ ಮುಂಗಾಲಿನಿಂದ ಬಲಕ್ಕೆ ಸುಮಾರು 1390 ಪಿಕ್ಸೆಲ್. ತಲೆ ಎತ್ತಿಕೊಂಡಿದ್ದರೆ ಇನ್ನೂ ತುಸು ಮುಂದಕ್ಕೆ. ಪಟ್ಟಿಯ ದಪ್ಪ ಚಿತ್ರದಲ್ಲಿ ಸುಮಾರು 110 ಪಿಕ್ಸೆಲ್ ಬರುತ್ತದೆ.

ನಾಯಿಯನ್ನು ಮಗುವಿನ ಎಡಕ್ಕೆ ನಿಲ್ಲಿಸಲು ಕಾರಣವೂ ಇದೇ. ಬಲಕ್ಕೆ ನಿಲ್ಲಿಸಿದರೆ ಮಗುವಿನ ನೆರಳು ನಾಯಿಯ ಮೈಮೇಲೆ ಬೀಳಬೇಕಾಗುತ್ತದೆ. ಉಬ್ಬುತಗ್ಗಿನ ರೋಮದ ಮೇಲೆ ನೆರಳನ್ನು ಬಾಗಿಸಿ ಬಳಿಯುವುದು ನುರಿತವರಿಗೂ ಕಷ್ಟ. ಎಡಕ್ಕೆ, 27 ಸೆಂ.ಮೀ. ಮುಂದಕ್ಕೆ ನಿಲ್ಲಿಸಿದಾಗ ನಾಯಿಯ ನೆರಳು ಮಗುವಿನ ಬೆರಳುಗಳ ಮುಂದಿನ ಹುಲ್ಲಿನ ಮೇಲೆ ಹಾದುಹೋಗುತ್ತದೆ, ಕಾಲಿನ ಮೇಲೆ ಏರುವುದಿಲ್ಲ. ಆ ಪಟ್ಟಿ ಮಗುವಿನ ಪಾದದ ಮುಂದೆ ಇದ್ದೇ ತೀರಬೇಕು. ಅದಿಲ್ಲದೆ ಇಬ್ಬರೂ ಒಂದೇ ಜಾಗದಲ್ಲಿ ಇದ್ದಾರೆ ಎಂದು ಕಣ್ಣು ನಂಬುವುದಿಲ್ಲ.

ಬಳಿಯುವುದು ಮೂರು ಪ್ರತ್ಯೇಕ ಪದರಗಳಲ್ಲಿ, ಎಲ್ಲವೂ ಅಡಿಯ ಬಣ್ಣವನ್ನು ಕಪ್ಪಾಗಿಸುವ Multiply ವಿಧಾನದಲ್ಲಿ, ಎಲ್ಲವೂ ನಾಯಿಯ ಪದರದ ಕೆಳಗೆ. ಪಾದ ನೆಲಕ್ಕೆ ತಾಗುವಲ್ಲಿ ತೆಳುವಾದ, ಗಾಢವಾದ ಗೆರೆ: ಮಸುಕು ಮೂರು ನಾಲ್ಕು ಪಿಕ್ಸೆಲ್, ಗಾಢತೆ 60ರಿಂದ 70 ಪರ್ಸೆಂಟ್. ಹೊಟ್ಟೆಯ ಅಡಿಯಲ್ಲಿ, ಕಾಲುಗಳ ನಡುವೆ ಹರಡಿದ ಮಬ್ಬು: ಮಸುಕು 30 ಪಿಕ್ಸೆಲ್ ಸುತ್ತಮುತ್ತ, ಗಾಢತೆ 30 ಪರ್ಸೆಂಟ್. ಮೂರನೆಯದು ಬಿಸಿಲಿನ ಉದ್ದ ನೆರಳು, ಪಾದದ ಬಳಿ ಅಂಚು ಸ್ಪಷ್ಟ, ದೂರ ಹೋದಂತೆ ಮಸುಕು. ಇದರ ಗಾಢತೆಗೆ ಅಂಕಿ ಬೇಡ, ಮಗುವಿನ ನೆರಳಿಗೆ ಹೊಂದಿಸಿ. ಬಣ್ಣವನ್ನೂ ಅಲ್ಲಿಂದಲೇ ಎತ್ತಿಕೊಳ್ಳಿ. ಹುಲ್ಲಿನ ಮೇಲಿನ ನೆರಳು ಕಡು ಹಸಿರು, ಕಪ್ಪಲ್ಲ. ಮೂರರಲ್ಲಿ ಒಂದಕ್ಕೆ ಮಾತ್ರ ಸಮಯವಿದೆ ಎಂದರೆ ಮೊದಲನೆಯದನ್ನು ಮಾಡಿ. ನಾಯಿಯನ್ನು ನೆಲಕ್ಕೆ ಕಟ್ಟಿಹಾಕುವುದು ಆ ತೆಳು ಗೆರೆಯೇ.

ರೋಮದ ಅಂಚು: ನಾಲ್ಕು ದಾರಿಗಳು

ನಮ್ಮ ಅಳತೆಯಲ್ಲಿ ಒಂದು ಸೆಂಟಿಮೀಟರಿಗೆ 16.5 ಪಿಕ್ಸೆಲ್ ಎಂದೆವು. ಒಂದು ಪಿಕ್ಸೆಲ್ ಅಂದರೆ ಅರ್ಧ ಮಿಲಿಮೀಟರಿಗೂ ಹೆಚ್ಚು. ನಾಯಿಯ ಒಂಟಿ ಕೂದಲು ಅದಕ್ಕಿಂತ ಎಷ್ಟೋ ತೆಳು. ಆದ್ದರಿಂದ ಈ ಫೋಟೋದಲ್ಲಿ ಒಂಟಿ ಕೂದಲು ಬಿಡಿಬಿಡಿಯಾಗಿ ಮೂಡಿರುವುದಿಲ್ಲ, ಕಾಣುವುದು ಗೊಂಚಲುಗಳ ತುದಿ ಮತ್ತು ಅರೆಪಾರದರ್ಶಕ ಮಬ್ಬು. ಮೂರು ಪಿಕ್ಸೆಲ್ ಬ್ರಷ್‌ನಿಂದ ಕೂದಲು ಗೀಚಿದರೆ ಅದು ಸುಮಾರು ಎರಡು ಮಿಲಿಮೀಟರ್ ದಪ್ಪದ ಕಡ್ಡಿ. ನಾಲ್ಕನೆಯ ದಾರಿಯಾದ ಕೈಯಲ್ಲಿ ಬರೆದ ಕೂದಲನ್ನು ಅದಕ್ಕೇ ಕೊನೆಯ ದುರಸ್ತಿಗೆ ಮಾತ್ರ ಇಟ್ಟುಕೊಳ್ಳಿ. ಒಂದು ಪಿಕ್ಸೆಲ್ ಬ್ರಷ್, ಗಾಢತೆ ಕಡಿಮೆ, ಎದೆ ಮತ್ತು ಬಾಲದಲ್ಲಿ ಅಂಚು ಬೋಳಾದ ಕಡೆ ಒಂದಷ್ಟು ಗೀರು.

ಮೊದಲ ದಾರಿ ಫೋಟೋಶಾಪ್‌ನ Select and Mask. ಹಿನ್ನೆಲೆ ಮಸುಕಾಗಿದ್ದು ನಾಯಿಗಿಂತ ಬಣ್ಣದಲ್ಲಿ ಬೇರೆಯಾಗಿದ್ದರೆ ಇದು ಸಾಕು. Refine Edge Brush ಅನ್ನು ರೋಮದ ಉದ್ದಕ್ಕಿಂತ ತುಸು ದೊಡ್ಡದಿಟ್ಟು, ಎದೆ, ಹೊಟ್ಟೆ, ಬಾಲ, ತೊಡೆಯ ಹಿಂದಿನ ಜೂಲು, ಈ ಉದ್ದ ರೋಮದ ಅಂಚುಗಳ ಮೇಲೆ ಮಾತ್ರ ಓಡಿಸಿ. ಮೂಗು, ಮುಂಗಾಲಿನ ಮುಂಭಾಗ, ಪಾದ ಇವಕ್ಕೆ ಓಡಿಸಿದರೆ ಅಂಚು ಕರಗಿ ಮೈಯಲ್ಲಿ ತೂತು ಬಿದ್ದಂತಾಗುತ್ತದೆ. ಆ ಭಾಗಗಳಿಗೆ ಸಾದಾ ಬ್ರಷ್, ಅರ್ಧ ಅಥವಾ ಒಂದು ಪಿಕ್ಸೆಲ್ ಮೃದುತ್ವ. ಅಲ್ಲೇ F ಒತ್ತುತ್ತ ಹೋದರೆ ಹಿನ್ನೆಲೆ ಕಪ್ಪು, ಬಿಳಿ ಎಂದು ಬದಲಾಗುತ್ತದೆ. ಕಪ್ಪಿನ ಮೇಲೆ ಬಿಳಿ ಗೆರೆ, ಬಿಳಿಯ ಮೇಲೆ ಮೈಯೊಳಗಿನ ತೂತು ಸ್ಪಷ್ಟವಾಗಿ ಕಾಣುತ್ತವೆ.

ಎರಡನೆಯದು ಚಾನೆಲ್‌ನಿಂದ ಮಾಸ್ಕ್. ಚಾನೆಲ್ ಎಂದರೆ ಚಿತ್ರದ ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಬಣ್ಣ ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ಕಪ್ಪುಬಿಳುಪು ಚಿತ್ರ. ಕೆಲಸ ಹೆಚ್ಚು, ಫಲವೂ ಹೆಚ್ಚು, ಗಿಂಪ್‌ನಲ್ಲೂ ಮಾಡಬಹುದು. ಚಿನ್ನದ ಬಣ್ಣದ ರೋಮದಲ್ಲಿ ಕೆಂಪು ಜಾಸ್ತಿ, ಹುಲ್ಲಿನಲ್ಲಿ ಕಡಿಮೆ. ಹಾಗಾಗಿ ಹುಲ್ಲಿನ ಮುಂದೆ ನಿಂತ ಗೋಲ್ಡನ್‌ಗೆ ಕೆಂಪು ಚಾನೆಲ್‌ನಲ್ಲಿ ನಾಯಿ ಬೆಳ್ಳಗೆ, ಹುಲ್ಲು ಕಪ್ಪಗೆ ಕಾಣುತ್ತದೆ. ಆಕಾಶದ ಮುಂದೆ ನಿಂತಿದ್ದರೆ ನೀಲಿ ಚಾನೆಲ್ ಬೇಕು, ಅಲ್ಲಿ ನಾಯಿ ಕಪ್ಪು. ಆ ಚಾನೆಲ್‌ನ ನಕಲು ತೆಗೆದು Levels ನಲ್ಲಿ ವ್ಯತ್ಯಾಸ ಹೆಚ್ಚಿಸಿ, ಆದರೆ ತುದಿಗಳಲ್ಲಿ ಬೂದು ಉಳಿಯುವಷ್ಟೇ. ಪೂರ್ತಿ ಕಪ್ಪುಬಿಳುಪು ಮಾಡಿದರೆ ಅಂಚು ಗರಗಸದ ಹಲ್ಲಾಗುತ್ತದೆ. ಆಮೇಲೆ ಬ್ರಷ್ ಅನ್ನು Overlay ನಲ್ಲಿಟ್ಟು ಅಂಚಿನ ಮೇಲೆ ಬಿಳಿ ಬಳಿದರೆ ಬೂದು ಬೆಳ್ಳಗಾಗುತ್ತದೆ, ಅಪ್ಪಟ ಕಪ್ಪು ಹಾಗೇ ಉಳಿಯುತ್ತದೆ. ಮೈಯ ಒಳಭಾಗವನ್ನು ಸಾದಾ ಬಿಳಿಯಿಂದ ತುಂಬಿ, ಚಾನೆಲ್ ಅನ್ನು ಆಯ್ಕೆಯಾಗಿ ತೆರೆದು ಮಾಸ್ಕ್ ಮಾಡಿ.

ಮೂರನೆಯದು, ಅಂಚಿನ ಪದರವನ್ನು Multiply ಮಾಡಿ ಬಿಳಿ ಹಿನ್ನೆಲೆಯನ್ನು ಮಾಯ ಮಾಡುವುದು. ಕಪ್ಪು ನಾಯಿ ಬಿಳಿ ಗೋಡೆಯ ಮುಂದಿದ್ದರೆ ಇದಕ್ಕಿಂತ ಚುರುಕಾದ ದಾರಿಯಿಲ್ಲ. ನಮ್ಮ ಗೋಲ್ಡನ್‌ಗೆ ಮಾತ್ರ ಬೇಡ. Multiply ಅಡಿಯ ಬಣ್ಣವನ್ನು ಕಪ್ಪಾಗಿಸುತ್ತದೆಯೇ ಹೊರತು ಬೆಳಗಿಸುವುದಿಲ್ಲ. ಹುಲ್ಲಿಗಿಂತ ತಿಳಿಯಾದ ರೋಮ ಕೊಳೆಯಾದ ಕಂದು ಅಂಚಾಗಿಬಿಡುತ್ತದೆ.

ಯಾವ ದಾರಿ ಹಿಡಿದರೂ ತುದಿಗಳಲ್ಲಿ ಹಳೆಯ ಬಣ್ಣ ಉಳಿಯುತ್ತದೆ. Decontaminate Colors ಅದನ್ನು ಒಂದೇ ಏಟಿಗೆ ತೆಗೆಯುತ್ತದೆ, ಆದರೆ ಪಿಕ್ಸೆಲ್‌ಗಳನ್ನೇ ಬದಲಿಸುತ್ತದೆ, ಜಾಸ್ತಿ ಮಾಡಿದರೆ ಅಂಚು ಬಳಿದಂತಾಗುತ್ತದೆ. ಅದಕ್ಕಿಂತ, ನಾಯಿಯ ಮೇಲಷ್ಟೇ ಪರಿಣಾಮ ಬೀರುವಂತೆ ಅದರ ಪದರಕ್ಕೆ ಕ್ಲಿಪ್ ಮಾಡಿದ ಹೊಸ ಪದರವನ್ನು Color ನಲ್ಲಿಟ್ಟು, ಪಕ್ಕದ ರೋಮದ ಬಣ್ಣ ಎತ್ತಿ ಅಂಚಿನ ಮೇಲೆ ಮೃದುವಾಗಿ ಬಳಿಯುವುದು ಒಳ್ಳೆಯದು. ಬೇಡವೆನಿಸಿದರೆ ಅಳಿಸಬಹುದು. ಇದು ಬಣ್ಣವನ್ನು ಮಾತ್ರ ಬದಲಿಸುವುದರಿಂದ ಬೆಳ್ಳಗಿನ ಗೆರೆ ಹಾಗೇ ಉಳಿಯುತ್ತದೆ. ಅಲ್ಲಿ ಇನ್ನೊಂದು ಕ್ಲಿಪ್ ಪದರ, Multiply, 20ರಿಂದ 30 ಪರ್ಸೆಂಟ್. ಹುಲ್ಲಿನ ಮುಂದಿರುವ ಅಂಚಿಗೆ ಇಷ್ಟು ಶ್ರಮ ಬೇಕಾಗುವುದಿಲ್ಲ. ಎದೆಯ ರೋಮ ಮಗುವಿನ ಕೆಂಪು ಅಂಗಿಯ ಮುಂದೆ ಬರುವ ಒಂದು ಗೇಣು ಜಾಗದಲ್ಲಿ ಪೂರ್ತಿ ಬೇಕು. ಹಸಿರು ಅಂಚು ಕೆಂಪಿನ ಮೇಲೆ ಹೊಳೆದಷ್ಟು ಇನ್ನೆಲ್ಲೂ ಹೊಳೆಯುವುದಿಲ್ಲ.

ಪರೀಕ್ಷೆ ಮಾಡುವಾಗ ಚಿತ್ರವನ್ನು 100 ಪರ್ಸೆಂಟ್‌ನಲ್ಲಿಟ್ಟು ಮಗುವಿನ ತಲೆಗೂದಲಿನ ಅಂಚನ್ನೂ ನಾಯಿಯ ಬೆನ್ನಿನ ಅಂಚನ್ನೂ ಒಂದಾದ ಮೇಲೊಂದು ನೋಡಿ. ನಾಯಿಯ ಅಂಚು ಮಗುವಿನದಕ್ಕಿಂತ ಚೂಪಾಗಿದ್ದರೆ ಅರ್ಧ ಪಿಕ್ಸೆಲ್ ಮಸುಕು ಮಾಡಿ. ಮಗುವಿನ ಕೆನ್ನೆಯಲ್ಲಿ ಕಾಳುಕಾಳು ಕಾಣುತ್ತಿದ್ದು ನಾಯಿ ನುಣುಪಾಗಿದ್ದರೆ Add Noise ನಿಂದ ಅಷ್ಟೇ ಕಾಳು ಸೇರಿಸಿ. ನಂತರ ಒಂದು ಕಪ್ಪುಬಿಳುಪು ಪದರವನ್ನು ಎಲ್ಲದರ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿ. ಬಣ್ಣ ಹೋದಾಗ ನಾಯಿಯ ಹೊಟ್ಟೆಯ ಅಡಿಯ ಕಪ್ಪು ಮಗುವಿನ ಅಂಗಿಯ ಮಡಿಕೆಯ ಕಪ್ಪಿಗೆ ಹೊಂದಬೇಕು. ಹೊಂದದಿದ್ದರೆ ನಾಯಿಯ ಪದರಕ್ಕೆ ಕ್ಲಿಪ್ ಮಾಡಿದ Levels ನಲ್ಲಿ ಕಪ್ಪಿನ ತುದಿಯನ್ನು ಅಷ್ಟಕ್ಕೆ ಎಳೆದು ತಂದು ಮೇಲಿನ ಕಪ್ಪುಬಿಳುಪು ಪದರವನ್ನು ತೆಗೆದುಹಾಕಿ.